ಪಿಪಿಟಿಯಲ್ಲಿ ಹೂತುಹೋದ ಸಾಲು

ಒಂದು ಪಿಪಿಟಿ ಹೇಗಿದೆ ಎಂದು ಅಭಿಪ್ರಾಯ ಕೇಳಿದರೆ ಹೆಚ್ಚಿನವರು ಮೊದಲು ಸಾಲು ಎಣಿಸುತ್ತಾರೆ. ಸ್ಲೈಡಿಗೆ ಆರು ಸಾಲು, ಸಾಲಿಗೆ ಆರು ಪದ ಎಂಬ ನಿಯಮ ತರಬೇತಿ ಶಿಬಿರಗಳಲ್ಲಿ ಇಂದಿಗೂ ಚಾಲ್ತಿಯಲ್ಲಿದೆ. ಅದಕ್ಕಿಂತ ಹೆಚ್ಚಾದರೆ ‘ತುಂಬಾ ತುಂಬಿದೆ, ಕಡಿಮೆ ಮಾಡಿ’ ಎನ್ನುತ್ತಾರೆ. ಕಡಿಮೆಯಿದ್ದರೆ ಪಾಸು. ಆದರೆ ಸ್ಲೈಡು ಕಿಕ್ಕಿರಿದಿದೆಯೇ ಎಂಬುದಕ್ಕಿಂತ ಮುಖ್ಯವಾದ ಪ್ರಶ್ನೆ ಬೇರೆಯಿದೆ. ಕೇಳುವವರು ಯಾವ ಮಾತಿನ ಮೇಲೆ ನಿರ್ಧಾರ ತೆಗೆದುಕೊಳ್ಳಬೇಕೋ ಆ ಮಾತು ಸ್ಲೈಡಿನಲ್ಲಿ ಎಲ್ಲಿದೆ? ಇದನ್ನು ಸಾಲು ಎಣಿಸಿ ತಿಳಿಯಲಾಗದು. ಹೇಗೆ ತಿಳಿಯಬೇಕು ಎಂಬುದಕ್ಕೆ ಜಗತ್ತಿನಲ್ಲಿ ಅತಿ ಹೆಚ್ಚು ಚರ್ಚೆಗೊಳಗಾದ ಒಂದು ಸ್ಲೈಡನ್ನೇ ತೆಗೆದುಕೊಂಡು ನೋಡೋಣ.

2003ರ ಜನವರಿ 16ರಂದು ಕೊಲಂಬಿಯಾ ಬಾಹ್ಯಾಕಾಶ ನೌಕೆ ಕಲ್ಪನಾ ಚಾವ್ಲಾ ಸೇರಿ ಏಳು ಮಂದಿಯನ್ನು ಹೊತ್ತು ಮೇಲೇರಿತು. ಹಾರಿದ ಸುಮಾರು 82 ಸೆಕೆಂಡಿಗೆ ಹೊರಗಿನ ಇಂಧನ ಟ್ಯಾಂಕಿನ ಮೇಲಿದ್ದ ನೊರೆಯಂಥ ಹಗುರ ಹೊದಿಕೆಯ ತುಂಡೊಂದು ಕಳಚಿ ಎಡರೆಕ್ಕೆಗೆ ಬಡಿಯಿತು. ಮರುದಿನ ವಿಡಿಯೊ ನೋಡಿದವರಿಗೆ ಅದು ಕಂಡಿತು. ನೌಕೆ ಇನ್ನೂ ಕಕ್ಷೆಯಲ್ಲೇ ಇತ್ತು. ಹಾನಿ ಎಷ್ಟಾಗಿರಬಹುದು ಎಂದು ಲೆಕ್ಕ ಹಾಕಲು ಎಂಜಿನಿಯರುಗಳ ತಂಡವೊಂದು ಕೂತಿತು. ಜನವರಿ 24ರಂದು ಆ ತಂಡ ತನ್ನ ಅಂದಾಜನ್ನು ಸ್ಲೈಡುಗಳ ಮೂಲಕ ಮಂಡಿಸಿತು. ಮೇಲಿನವರು ‘ಅಪಾಯವಿಲ್ಲ’ ಎಂಬ ತೀರ್ಮಾನಕ್ಕೆ ಬಂದರು. ಫೆಬ್ರವರಿ 1ರಂದು ಭೂಮಿಗೆ ಮರಳುವಾಗ ರೆಕ್ಕೆಯಲ್ಲಿದ್ದ ತೂತಿನಿಂದ ಸುಡುಗಾಳಿ ಒಳನುಗ್ಗಿ ನೌಕೆ ಆಕಾಶದಲ್ಲೇ ಚೂರಾಯಿತು. ಏಳು ಮಂದಿಯೂ ಉಳಿಯಲಿಲ್ಲ.

ಅದೇ ವರ್ಷ ಆಗಸ್ಟಿನಲ್ಲಿ ಬಂದ ತನಿಖಾ ಮಂಡಳಿಯ ವರದಿ ಆ ಸ್ಲೈಡುಗಳಲ್ಲಿ ಒಂದನ್ನು ಎತ್ತಿಕೊಂಡು, ಯೇಲ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದ ಎಡ್ವರ್ಡ್ ಟಫ್ಟಿ ಮಾಡಿದ ವಿಶ್ಲೇಷಣೆಯೊಂದಿಗೆ ಮುದ್ರಿಸಿತು. ತಾಂತ್ರಿಕ ವರದಿ ಬರೆಯಬೇಕಾದ ಕಡೆ ಪವರ್‌ಪಾಯಿಂಟ್ ಬಳಸುವ ರೂಢಿ ನಾಸಾದಲ್ಲಿ ಬೇರುಬಿಟ್ಟಿದೆ ಎಂದು ಮಂಡಳಿ ನೇರವಾಗಿ ಹೇಳಿತು.

ಆ ಸ್ಲೈಡು ಹೀಗಿದೆ. ಮೇಲೆ ದಪ್ಪಕ್ಷರದ ಶೀರ್ಷಿಕೆ: ಪರೀಕ್ಷೆಯ ದತ್ತಾಂಶ ನೋಡಿದರೆ, ಹಂಚುಗಳಿಗೆ ಆಗುವ ಹಾನಿಯ ಅಂದಾಜಿನಲ್ಲಿ ಎಚ್ಚರಿಕೆಯ ಅಂಚು ಕಾಣುತ್ತದೆ ಎಂಬ ಅರ್ಥದ್ದು. ಹಂಚು ಎಂದರೆ ನೌಕೆಯ ಮೈಗೆ ಹೊದಿಸಿದ, ಶಾಖ ತಡೆಯುವ ಬಿಲ್ಲೆಗಳು. ಶೀರ್ಷಿಕೆಯ ಕೆಳಗೆ ಸುಮಾರು ಹತ್ತು ಹೇಳಿಕೆಗಳು ಮೆಟ್ಟಿಲು ಮೆಟ್ಟಿಲಾಗಿ ಬಲಕ್ಕೆ ಸರಿಯುತ್ತ, ಅಕ್ಷರ ಚಿಕ್ಕದಾಗುತ್ತ ಇಳಿಯುತ್ತವೆ. ಹಾನಿ ಅಂದಾಜಿಸುವ ‘ಕ್ರೇಟರ್’ ಎಂಬ ಲೆಕ್ಕಸೂತ್ರ ನಿಜಕ್ಕಿಂತ ಹೆಚ್ಚು ಹಾನಿ ತೋರಿಸಿತ್ತು ಎಂಬುದು ಮೇಲ್ಭಾಗದಲ್ಲಿದೆ. ಹಂಚಿನ ಗಟ್ಟಿ ಮೇಲ್ಪದರ ಭೇದಿಸಲು ಮೆದುವಾದ ನೊರೆತುಂಡಿಗೆ ಬಹಳ ಶಕ್ತಿ ಬೇಕು ಎಂಬುದು ನಡುವೆ. ಸಾಕಷ್ಟು ತೂಕ ಮತ್ತು ವೇಗವಿದ್ದರೆ ಭೇದಿಸಬಲ್ಲದು ಎಂಬುದು ಅದರ ಒಳಸಾಲು. ಎಲ್ಲಕ್ಕಿಂತ ಕೆಳಗೆ, ಕೊನೆಯ ಒಳಸಾಲಿನಲ್ಲಿ ಎರಡು ಅಂಕಿಗಳಿವೆ: ಬಡಿದ ತುಂಡಿನ ಗಾತ್ರ 1920 ಘನ ಇಂಚು, ಪರೀಕ್ಷೆಯಲ್ಲಿ ಬಳಸಿದ್ದು 3 ಘನ ಇಂಚು.

ಈ ಅಂಕಿಗಳನ್ನು ನಮ್ಮ ಅಳತೆಗೆ ತಿರುಗಿಸಿ. 3 ಘನ ಇಂಚು ಎಂದರೆ ಸುಮಾರು 50 ಮಿಲಿಲೀಟರ್. 1920 ಘನ ಇಂಚು ಎಂದರೆ 31 ಲೀಟರಿಗೂ ಹೆಚ್ಚು. ಒಂದು ಸಣ್ಣ ಲೋಟದ ಕಾಫಿಗೂ ತುಂಬಿದ ಎರಡು ಬಕೆಟ್ ನೀರಿಗೂ ಇರುವ ಅಂತರ ಅದು. 640 ಪಟ್ಟು. ಹಾಗಿದ್ದ ಮೇಲೆ ಮೇಲಿನ ಸಾಲುಗಳಲ್ಲಿ ಹಾನಿಯ ಬಗ್ಗೆ ಹೇಳಿದ ಯಾವುದೂ ಈ ನೌಕೆಗೆ ಅನ್ವಯಿಸುತ್ತದೆ ಎಂದು ಧೈರ್ಯವಾಗಿ ಹೇಳುವಂತಿರಲಿಲ್ಲ. ಆ ಸ್ಲೈಡಿನ ನಿಜವಾದ ಸುದ್ದಿ ಅದೊಂದೇ, ಮತ್ತು ಅದು ಕಟ್ಟಕಡೆಯಲ್ಲಿ ಕೂತಿತ್ತು.

ಈಗ ಆರು ಸಾಲಿನ ನಿಯಮವನ್ನು ಇದಕ್ಕೆ ಹಚ್ಚಿ ನೋಡಿ. ಸಾಲು ಕಡಿಮೆ ಮಾಡಲು ಹೊರಟವರ ಕತ್ತರಿ ಮೊದಲು ಬೀಳುವುದು ಒಳಸಾಲುಗಳ ಮೇಲೆ, ಅದರಲ್ಲೂ ಕೊನೆಯವುಗಳ ಮೇಲೆ. ಅಂದರೆ ಆ ಎರಡು ಅಂಕಿಗಳು ಮೊದಲು ಹೋಗುತ್ತಿದ್ದವು. ಸ್ಲೈಡು ಅಚ್ಚುಕಟ್ಟಾಗುತ್ತಿತ್ತು, ಓದಲು ಹಿತವಾಗುತ್ತಿತ್ತು, ಮತ್ತು ಇನ್ನೂ ಅಪಾಯಕಾರಿಯಾಗುತ್ತಿತ್ತು. ಆದ್ದರಿಂದ ಎಣಿಕೆಯ ನಿಯಮವನ್ನು ನಾನು ವಿನ್ಯಾಸದ ತತ್ವವೆಂದು ಒಪ್ಪುವುದಿಲ್ಲ. ಅದು ರೋಗದ ಲಕ್ಷಣವನ್ನು ಅಳೆಯುತ್ತದೆ, ರೋಗವನ್ನಲ್ಲ.

ರೋಗ ಗುರುತಿಸಲು ಮೂರು ಕಡೆ ಕಣ್ಣು ಹಾಯಿಸಿದರೆ ಸಾಕು. ಮೊದಲನೆಯದು ಶೀರ್ಷಿಕೆ. ಕೆಳಗಿನದನ್ನೆಲ್ಲ ಕೈಯಿಂದ ಮುಚ್ಚಿ ಶೀರ್ಷಿಕೆ ಮಾತ್ರ ಓದಿ. ಅದರಿಂದ ನಿಮಗೆ ಏನು ತಿಳಿಯಿತು? ಕೊಲಂಬಿಯಾ ಸ್ಲೈಡಿನ ಶೀರ್ಷಿಕೆ ಓದಿದವರಿಗೆ ‘ಎಚ್ಚರಿಕೆಯ ಅಂಚು ಇದೆ, ಹೆದರಬೇಕಿಲ್ಲ’ ಎನ್ನಿಸುತ್ತದೆ. ಅದು ಹೇಳುತ್ತಿದ್ದುದು ಲೆಕ್ಕಸೂತ್ರದ ಗುಣವನ್ನು, ನೌಕೆಯ ಸ್ಥಿತಿಯನ್ನಲ್ಲ. ನಮ್ಮ ಕಚೇರಿಗಳ ಸ್ಲೈಡುಗಳಲ್ಲಿ ಇನ್ನೊಂದು ಬಗೆಯ ದೋಷ ಸಾಮಾನ್ಯ. ‘ಪ್ರಗತಿ ವಿವರ’, ‘ಸವಾಲುಗಳು’, ‘ಮುಂದಿನ ಹೆಜ್ಜೆ’ ಎಂಬಂಥ ಶೀರ್ಷಿಕೆಗಳು ಏನನ್ನೂ ಹೇಳುವುದಿಲ್ಲ. ಅವು ಕಡತದ ಮೇಲಿನ ಚೀಟಿ ಇದ್ದಂತೆ.

ಎರಡನೆಯದು ಇಳಿಜಾರು. ಒಳಸಾಲಿನೊಳಗೆ ಒಳಸಾಲು ಇಟ್ಟಾಗ ಪವರ್‌ಪಾಯಿಂಟ್ ತಾನಾಗಿಯೇ ಅಕ್ಷರ ಕಿರಿದು ಮಾಡುತ್ತದೆ. ಓದುಗರು ಅದನ್ನು ‘ಕಡಿಮೆ ಮುಖ್ಯ’ ಎಂದೇ ಓದುತ್ತಾರೆ, ಓದಬೇಕಾದ್ದೂ ಹಾಗೆಯೇ. ಆದರೆ ಬರೆದವರು ಒಳಗಿಟ್ಟಿದ್ದು ಮುಖ್ಯವಲ್ಲವೆಂದಲ್ಲ, ತರ್ಕದಲ್ಲಿ ಅದು ಮೇಲಿನ ಸಾಲಿನ ಆಧಾರ ಎಂದು. ತರ್ಕದಲ್ಲಿ ಆಧಾರ ಕೆಳಗಿರುತ್ತದೆ, ಓದುವಾಗ ಕೆಳಗಿರುವುದು ಗೌಣವಾಗುತ್ತದೆ. ಬುಲೆಟ್‌ಗಳ ಮೂಲ ತೊಂದರೆ ಇದೇ. ಜೊತೆಗೆ ಒಂದು ಬುಲೆಟಿಗೂ ಇನ್ನೊಂದಕ್ಕೂ ಏನು ಸಂಬಂಧ ಎಂದು ಬುಲೆಟ್ ಹೇಳುವುದೇ ಇಲ್ಲ. ‘ಆದ್ದರಿಂದ’, ‘ಆದರೆ’, ‘ಹೀಗಿದ್ದರೂ’ ಎಂಬ ಕೊಂಡಿಪದಗಳು ಮೊದಲು ಉದುರಿಹೋಗುತ್ತವೆ. ಆ ಕೊನೆಯ ಸಾಲಿನ ಮುಂದೆ ‘ಆದ್ದರಿಂದ ಮೇಲಿನ ತೀರ್ಮಾನವನ್ನು ನಂಬುವಂತಿಲ್ಲ’ ಎಂದು ಒಂದು ವಾಕ್ಯ ಇದ್ದಿದ್ದರೆ ಓದಿದವರು ಅಲ್ಲೇ ನಿಲ್ಲುತ್ತಿದ್ದರು.

ಮೂರನೆಯದು ಅಳತೆಯಿಲ್ಲದ ಪದಗಳು. ಆ ಸ್ಲೈಡಿನಲ್ಲಿ ‘ಗಣನೀಯ’ ಎಂಬರ್ಥದ ಪದ ಐದು ಬಾರಿ ಬರುತ್ತದೆ, ಬಂದಲ್ಲೆಲ್ಲ ಬೇರೆ ಬೇರೆ ಪ್ರಮಾಣವನ್ನು ಸೂಚಿಸುತ್ತದೆ. ಒಂದು ಕಡೆ ಲೆಕ್ಕದಲ್ಲಿ ಬಂದ ವ್ಯತ್ಯಾಸ, ಇನ್ನೊಂದು ಕಡೆ ಹಂಚು ಒಡೆಯುವಷ್ಟು ಹಾನಿ, ಮತ್ತೊಂದು ಕಡೆ 640 ಪಟ್ಟು ಅಂತರ. ನಿಮ್ಮ ಸ್ಲೈಡಿನಲ್ಲಿ ‘ಗಣನೀಯ’, ‘ಉತ್ತಮ’, ‘ತೃಪ್ತಿಕರ’, ‘ಸಾಕಷ್ಟು’ ಎಂಬ ಪದ ಕಂಡಲ್ಲೆಲ್ಲ ಗೆರೆ ಎಳೆದು, ಎಷ್ಟು ಎಂದು ಕೇಳಿಕೊಳ್ಳಿ. ಉತ್ತರ ಒಂದು ಅಂಕಿಯಾದರೆ ಪದ ತೆಗೆದು ಅಂಕಿ ಹಾಕಿ. ಅಂಕಿ ಸಿಗದಿದ್ದರೆ ಆ ವಿಷಯ ನಿಮಗೂ ಗೊತ್ತಿಲ್ಲ ಎಂದಾಯಿತು. ಅದನ್ನೇ ಬರೆಯಿರಿ.

ಹಾಗಾದರೆ ಆ ಸ್ಲೈಡನ್ನು ಹೇಗೆ ಬರೆಯಬಹುದಿತ್ತು? ಪೆನ್‌ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದ ಮೈಕೆಲ್ ಆ್ಯಲಿ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಕಲಿಸುವ ಕ್ರಮ ಇಲ್ಲಿ ಕೆಲಸಕ್ಕೆ ಬರುತ್ತದೆ. ಶೀರ್ಷಿಕೆಯ ಜಾಗದಲ್ಲಿ ಒಂದು ಪೂರ್ಣ ವಾಕ್ಯ, ಅದರ ಕೆಳಗೆ ಆ ವಾಕ್ಯವನ್ನು ಸಾಬೀತು ಮಾಡುವ ಚಿತ್ರ ಅಥವಾ ಅಂಕಿ. ಬುಲೆಟ್ ಇಲ್ಲ. ಅದರಂತೆ ಶೀರ್ಷಿಕೆ ಹೀಗಾಗುತ್ತದೆ: ‘ರೆಕ್ಕೆಗೆ ಬಡಿದ ತುಂಡು ನಾವು ಪರೀಕ್ಷಿಸಿದ್ದಕ್ಕಿಂತ 640 ಪಟ್ಟು ದೊಡ್ಡದು, ಹಾನಿ ಎಷ್ಟೆಂದು ಈ ದತ್ತಾಂಶದಿಂದ ಹೇಳಲಾಗದು.’ ಉದ್ದವಾಯಿತು, ಎರಡು ಸಾಲು ಹಿಡಿಯುತ್ತದೆ. ಹಿಡಿಯಲಿ. ಇದನ್ನು ಓದಿದ ಅಧಿಕಾರಿ ಮುಂದೆ ಕೇಳುವ ಪ್ರಶ್ನೆ ಒಂದೇ: ಹಾಗಾದರೆ ತಿಳಿಯುವುದು ಹೇಗೆ? ಕಕ್ಷೆಯಲ್ಲಿದ್ದ ನೌಕೆಯ ರೆಕ್ಕೆಯ ಚಿತ್ರ ತೆಗೆಸಿ ಎಂದು ಎಂಜಿನಿಯರುಗಳು ಕೇಳಿದ್ದರು, ಆ ಕೋರಿಕೆ ಈಡೇರಲಿಲ್ಲ. ಆ ಕೋರಿಕೆಗೆ ಬೇಕಿದ್ದ ಕಾರಣವನ್ನು ಈ ವಾಕ್ಯ ಕೊಡುತ್ತಿತ್ತು.

ಶೀರ್ಷಿಕೆಯ ಕೆಳಗೆ ಏನಿಡಬೇಕು ಎಂಬುದು ಸುಲಭದ ಪ್ರಶ್ನೆಯಲ್ಲ, ಚಾರ್ಟ್ ಹಾಕುವವರು ಎಡವುವುದು ಇಲ್ಲಿಯೇ. ಮೊದಲು ಹೊಳೆಯುವುದು ಎರಡು ಘನಾಕೃತಿ ಬರೆಯುವುದು, ಒಂದು ಚಿಕ್ಕದು, ಒಂದು ದೊಡ್ಡದು. ಲೆಕ್ಕ ಮಾಡಿ ನೋಡಿ. 3 ಘನ ಇಂಚಿನ ಘನದ ಒಂದು ಬದಿ ಸುಮಾರು 3.7 ಸೆಂಟಿಮೀಟರ್. 1920 ಘನ ಇಂಚಿನದು ಸುಮಾರು 31.6 ಸೆಂಟಿಮೀಟರ್. ಬದಿಯ ಅಂತರ ಒಂಬತ್ತು ಪಟ್ಟಿಗೂ ಕಡಿಮೆ. ನೋಡುಗರ ಕಣ್ಣು ಉದ್ದವನ್ನು ಹೋಲಿಸುತ್ತದೆ, ಗಾತ್ರವನ್ನಲ್ಲ. ಆದ್ದರಿಂದ ಸರಿಯಾಗಿ ಅಳೆದು ಬರೆದ ಚಿತ್ರವೂ 640 ಪಟ್ಟನ್ನು ಒಂಬತ್ತು ಪಟ್ಟಿನಂತೆ ತೋರಿಸುತ್ತದೆ. ಹಾಗಾದರೆ ಪಟ್ಟಿಚಾರ್ಟ್? ಎತ್ತರದ ಪಟ್ಟಿ 19 ಸೆಂಟಿಮೀಟರ್ ಇದ್ದರೆ ಚಿಕ್ಕದು 0.3 ಮಿಲಿಮೀಟರ್, ಕಣ್ಣಿಗೇ ಬೀಳದು. ಇಂಥ ಕಡೆ ಚಾರ್ಟೇ ಬೇಡ. 3 ಮತ್ತು 1920 ಎಂಬ ಎರಡು ಅಂಕಿಗಳನ್ನು ದೊಡ್ಡದಾಗಿ ಒಂದೇ ಅಳತೆಯ ಮಾನದಲ್ಲಿ ಬರೆದು, ಪಕ್ಕದಲ್ಲಿ ‘640 ಪಟ್ಟು’ ಎಂದರೆ ಮುಗಿಯಿತು. ವಿಲಿಯಂ ಕ್ಲೀವ್‌ಲ್ಯಾಂಡ್ ಮತ್ತು ರಾಬರ್ಟ್ ಮೆಕ್‌ಗಿಲ್ 1984ರಲ್ಲಿ ಪ್ರಕಟಿಸಿದ ಅಧ್ಯಯನವೂ ಕಣ್ಣಿನ ಈ ಮಿತಿಯನ್ನೇ ಹೇಳುತ್ತದೆ: ಒಂದೇ ಗೆರೆಯ ಮೇಲಿನ ಸ್ಥಾನವನ್ನು ಜನ ಅತಿ ನಿಖರವಾಗಿ ಓದುತ್ತಾರೆ, ಉದ್ದವನ್ನು ಸ್ವಲ್ಪ ಕಡಿಮೆ, ಕೋನ ಮತ್ತು ವಿಸ್ತೀರ್ಣವನ್ನು ಇನ್ನೂ ಕಡಿಮೆ. ಪೈ ಚಾರ್ಟಿನಲ್ಲಿ ಹತ್ತಿರ ಹತ್ತಿರದ ಪಾಲುಗಳನ್ನು ಹೋಲಿಸಲು ತಿಣುಕಬೇಕಾಗುವುದಕ್ಕೆ, ಮೂರು ಆಯಾಮದ ಕಂಬಗಳು ದಾರಿ ತಪ್ಪಿಸುವುದಕ್ಕೆ ಕಾರಣ ಇದು.

ಆದರೆ ಚಾರ್ಟಿನ ದೊಡ್ಡ ತಪ್ಪು ಬಣ್ಣದಲ್ಲಿ, ಆಕಾರದಲ್ಲಿ ಇರುವುದಿಲ್ಲ. ಏನನ್ನು ಹಾಕಲಿಲ್ಲ ಎಂಬುದರಲ್ಲಿ ಇರುತ್ತದೆ. ಇದಕ್ಕೂ ಅದೇ ಸಂಸ್ಥೆಯ ಹಿಂದಿನ ದುರಂತವೊಂದು ಉದಾಹರಣೆ. 1986ರ ಜನವರಿ 28ರಂದು ಚಾಲೆಂಜರ್ ನೌಕೆ ಹಾರಿದ 73 ಸೆಕೆಂಡಿಗೆ ಒಡೆದುಹೋಯಿತು. ಪಕ್ಕದ ರಾಕೆಟ್ಟಿನ ಕೀಲುಗಳಲ್ಲಿ ಬಿಸಿ ಅನಿಲ ಸೋರದಂತೆ ತಡೆಯುವ ರಬ್ಬರ್ ಉಂಗುರಗಳು ಚಳಿಗೆ ಬಿಗುವಾಗಿ ಕೆಲಸ ಮಾಡಲಿಲ್ಲ. ಹಿಂದಿನ ರಾತ್ರಿ ರಾಕೆಟ್ ತಯಾರಿಸಿದ ಕಂಪನಿಯ ಎಂಜಿನಿಯರುಗಳು ದೂರವಾಣಿ ಸಭೆಯಲ್ಲಿ ಚಳಿಯ ಬಗ್ಗೆ ಎಚ್ಚರಿಸಿದ್ದರು. ಆದರೆ ಚಳಿಗೂ ಉಂಗುರದ ಹಾನಿಗೂ ಸಂಬಂಧವಿದೆ ಎಂದು ಅವರ ಮುಂದಿದ್ದ ಅಂಕಿಗಳಿಂದ ತೋರಿಸಲಾಗಲಿಲ್ಲ.

ದುರಂತದ ತನಿಖೆ ನಡೆಸಿದ ರಾಜರ್ಸ್ ಆಯೋಗ ಆಮೇಲೆ ತನ್ನ ವರದಿಯಲ್ಲಿ ಎರಡು ಚಾರ್ಟ್‌ಗಳನ್ನು ಒಟ್ಟಿಗೆ ಇಟ್ಟಿತು. ಮೊದಲನೆಯದರಲ್ಲಿ ಉಂಗುರಕ್ಕೆ ಹಾನಿಯಾದ ಹಾರಾಟಗಳು ಮಾತ್ರ ಇವೆ. 53 ಡಿಗ್ರಿ ಫ್ಯಾರನ್‌ಹೀಟ್‌ನಲ್ಲೂ ಹಾನಿ, 75 ಡಿಗ್ರಿಯಲ್ಲೂ ಹಾನಿ. ಚುಕ್ಕೆಗಳು ಚೆಲ್ಲಾಪಿಲ್ಲಿ. ಚಳಿಗೂ ಹಾನಿಗೂ ಸಂಬಂಧವಿಲ್ಲ ಎಂದು ಯಾರಾದರೂ ಹೇಳಿಯಾರು. ಎರಡನೆಯದರಲ್ಲಿ ಹಾನಿಯಿಲ್ಲದ ಹಾರಾಟಗಳನ್ನೂ ಸೇರಿಸಲಾಗಿದೆ. ಆಗ ಚಿತ್ರವೇ ಬದಲಾಗುತ್ತದೆ. 66 ಡಿಗ್ರಿ, ಅಂದರೆ ಸುಮಾರು 19 ಸೆಲ್ಸಿಯಸ್ ಮತ್ತು ಅದಕ್ಕಿಂತ ಹೆಚ್ಚಿನ ಉಷ್ಣಾಂಶದ 20 ಹಾರಾಟಗಳಲ್ಲಿ ಮೂರರಲ್ಲಿ ಮಾತ್ರ ಹಾನಿ. 63 ಡಿಗ್ರಿ, ಅಂದರೆ ಸುಮಾರು 17 ಸೆಲ್ಸಿಯಸ್ ಮತ್ತು ಅದಕ್ಕಿಂತ ಕಡಿಮೆಯ ನಾಲ್ಕು ಹಾರಾಟಗಳಲ್ಲಿ ನಾಲ್ಕರಲ್ಲೂ ಹಾನಿ. ಚಾಲೆಂಜರ್ ಹಾರಿದಾಗ ಹೊರಗೆ ಇದ್ದದ್ದು 36 ಡಿಗ್ರಿ ಫ್ಯಾರನ್‌ಹೀಟ್, ಎರಡು ಸೆಲ್ಸಿಯಸ್ಸಿನಷ್ಟು. ಹಿಂದೆಂದೂ ಹಾರದಷ್ಟು ಚಳಿ.

ಎರಡನೆಯ ಚಾರ್ಟ್ ಮೊದಲನೆಯದಕ್ಕಿಂತ ಹೆಚ್ಚು ತುಂಬಿದೆ ಎಂಬುದನ್ನು ಗಮನಿಸಿ. ಚುಕ್ಕೆಗಳು ಮೂರು ಪಟ್ಟಿಗೂ ಹೆಚ್ಚು. ಆದರೂ ಅದೇ ಸ್ಪಷ್ಟ. ಆದ್ದರಿಂದ ಚಾರ್ಟ್ ನೋಡಿದಾಗ ಕೇಳಬೇಕಾದ ಪ್ರಶ್ನೆ ‘ಯಾವುದಕ್ಕೆ ಹೋಲಿಸಿ?’ ಎಂಬುದು. ದೂರು ಬಂದ ವಾರ್ಡುಗಳ ಚಾರ್ಟ್ ಇದ್ದರೆ ದೂರು ಬಾರದ ವಾರ್ಡುಗಳೆಲ್ಲಿ? ಫೇಲಾದ ವಿದ್ಯಾರ್ಥಿಗಳ ಹಾಜರಾತಿ ತೋರಿಸಿದರೆ ಪಾಸಾದವರ ಹಾಜರಾತಿ ಎಲ್ಲಿ? ಈ ವರ್ಷದ ಮಾರಾಟ ಏರಿದೆ ಎಂದರೆ ಹೋದ ವರ್ಷ ಇದೇ ತಿಂಗಳಲ್ಲಿ ಎಷ್ಟಿತ್ತು? ಹೋಲಿಕೆಯ ಇನ್ನೊಂದು ಬದಿ ಇಲ್ಲದ ಚಾರ್ಟ್ ಎಷ್ಟೇ ಚೆಂದವಾಗಿದ್ದರೂ ಅರ್ಧ ಚಾರ್ಟ್.

ಇಲ್ಲಿ ನ್ಯಾಯವಾಗಿ ಒಂದು ಮಾತು ಸೇರಿಸಬೇಕು. ಚಾಲೆಂಜರ್ ಎಂಜಿನಿಯರುಗಳು ಸರಿಯಾದ ಚಾರ್ಟ್ ಬರೆದಿದ್ದರೆ ಹಾರಾಟ ನಿಲ್ಲುತ್ತಿತ್ತು ಎಂಬ ಟಫ್ಟಿಯವರ ವಾದವನ್ನು, ಆ ರಾತ್ರಿ ಎಚ್ಚರಿಸಿದವರಲ್ಲಿ ಒಬ್ಬರಾದ ರೋಜರ್ ಬೋಯಿಸ್‌ಜೋಲಿ ಮತ್ತು ಸಂಗಡಿಗರು 2002ರ ಲೇಖನವೊಂದರಲ್ಲಿ ಕಟುವಾಗಿ ಅಲ್ಲಗಳೆದರು. ಅದಕ್ಕೆ ಬೇಕಾದ ಎಲ್ಲ ಅಂಕಿಗಳು ಆ ರಾತ್ರಿ ಅವರ ಕೈಯಲ್ಲಿ ಇರಲಿಲ್ಲ ಎಂಬುದು ಅವರ ವಾದ. ನನಗೆ ಆ ವಾದ ಸರಿಯೆನಿಸುತ್ತದೆ. ಕೊಲಂಬಿಯಾ ವಿಷಯದಲ್ಲೂ ಅಷ್ಟೇ. ತೂತು ಬಿದ್ದದ್ದು ಹಂಚಿಗಲ್ಲ, ರೆಕ್ಕೆಯ ಮುಂಬದಿಯ ಇಂಗಾಲದ ಫಲಕಕ್ಕೆ. ಹಂಚಿನ ಸ್ಲೈಡು ಎಷ್ಟು ಸರಿಯಿದ್ದರೂ ಆ ಫಲಕದ ಬಗ್ಗೆ ಅದು ಹೇಳುತ್ತಿದ್ದುದು ಕಡಿಮೆ. ಸ್ಲೈಡು ದುರಂತ ಮಾಡಲಿಲ್ಲ. ಕೇಳಬೇಕಾದ ಪ್ರಶ್ನೆಯನ್ನು ಕೇಳಲು ಯಾರಿಗೂ ಕಾರಣ ಕೊಡಲಿಲ್ಲ, ಅಷ್ಟೇ. ಅದೇ ಸಾಕಷ್ಟು ದೊಡ್ಡ ದೋಷ.

ಇಷ್ಟೆಲ್ಲ ಹೇಳಿದ ಮೇಲೂ ‘ವಿವರ ಬಿಡುವುದು ಹೇಗೆ, ಸಾಹೇಬರು ಕೇಳುತ್ತಾರಲ್ಲ’ ಎಂಬ ಅಳುಕು ಉಳಿಯುತ್ತದೆ. ಸ್ಲೈಡುಗಳು ತುಂಬುವುದು ಹೆಚ್ಚಾಗಿ ಈ ಅಳುಕಿನಿಂದ. ಒಂದೇ ಕಡತ ಮಾತಾಡುವಾಗ ಗೋಡೆಯ ಮೇಲೂ ಬೇಕು, ಆಮೇಲೆ ಮೇಲ್‌ನಲ್ಲಿ ಕಳಿಸಲೂ ಬೇಕು. ಎರಡೂ ಕೆಲಸ ಒಂದರಿಂದ ಆಗದು. ಗೋಡೆಯ ಮೇಲೆ ವಾಕ್ಯಗಳಿದ್ದರೆ ಜನ ಓದುತ್ತಾರೆ, ನೀವು ಅದನ್ನೇ ಬಾಯಲ್ಲಿ ಹೇಳುವಷ್ಟರಲ್ಲಿ ಮುಂದಿನ ಸಾಲಿಗೆ ಹೋಗಿರುತ್ತಾರೆ. ಎರಡೂ ಕಡೆಯಿಂದ ಬರುವ ಮಾತು ಒಂದಕ್ಕೊಂದು ಅಡ್ಡಬರುತ್ತದೆ. ಚಿತ್ರವನ್ನು ಮಾತಿನಿಂದ ವಿವರಿಸಿದಾಗ ಕಲಿಯುವಷ್ಟು, ಅದೇ ಮಾತನ್ನು ತೆರೆಯ ಮೇಲೂ ಬರೆದಾಗ ಜನ ಕಲಿಯುವುದಿಲ್ಲ ಎಂದು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂಟಾ ಬಾರ್ಬರಾ ಕೇಂದ್ರದ ಮನೋವಿಜ್ಞಾನಿ ರಿಚರ್ಡ್ ಮೇಯರ್ ಪ್ರಯೋಗಗಳಿಂದ ತೋರಿಸಿದ್ದಾರೆ. ಆದ್ದರಿಂದ ವಿವರಗಳನ್ನು ಬಿಡಬೇಡಿ, ಜಾಗ ಬದಲಿಸಿ. ಎರಡು ಪುಟದ ಟಿಪ್ಪಣಿ ಬರೆದು ಸಭೆಗೆ ಮುಂಚೆಯೇ ಕೈಗೆ ಕೊಡಿ. ಅಮೆಜಾನ್ ಕಂಪನಿ 2004ರಲ್ಲಿ ಹಿರಿಯರ ಸಭೆಗಳಿಂದ ಪವರ್‌ಪಾಯಿಂಟನ್ನು ತೆಗೆದು, ಪೂರ್ಣ ವಾಕ್ಯಗಳಲ್ಲಿ ಬರೆದ ಟಿಪ್ಪಣಿಯನ್ನು ಸಭೆಯ ಆರಂಭದಲ್ಲಿ ಎಲ್ಲರೂ ಮೌನವಾಗಿ ಓದುವ ಕ್ರಮ ತಂದಿತು. ಸಂಸ್ಥೆ ಪಿಪಿಟಿಯನ್ನೇ ಕೇಳಿದರೆ ಸ್ಲೈಡಿನ ಕೆಳಗಿನ Notes ಭಾಗದಲ್ಲಿ ವಿವರ ಬರೆದು, ಮುದ್ರಿಸುವಾಗ Notes Pages ಆರಿಸಿಕೊಳ್ಳಬಹುದು. ಆಗ ಗೋಡೆಗೆ ಒಂದು, ಕೈಗೆ ಒಂದು ಸಿಗುತ್ತದೆ.

ಇನ್ನು ಅಕ್ಷರದ ಗಾತ್ರ. ಇಷ್ಟೇ ಪಾಯಿಂಟ್ ಇರಬೇಕೆಂಬ ನಿಯಮಕ್ಕಿಂತ ಒಂದು ಸರಳ ಪರೀಕ್ಷೆ ಒಳ್ಳೆಯದು. ಸಭಾಂಗಣದ ತೆರೆ ನಾಲ್ಕು ಅಡಿ ಎತ್ತರವಿದ್ದು, ಕೊನೆಯ ಸಾಲು 32 ಅಡಿ ದೂರವಿದ್ದರೆ ದೂರ ಎತ್ತರದ ಎಂಟು ಪಟ್ಟಾಯಿತು. ಲ್ಯಾಪ್‌ಟಾಪಿನ ತೆರೆ 19 ಸೆಂಟಿಮೀಟರ್ ಎತ್ತರವಿದ್ದರೆ ಅದರ ಎಂಟು ಪಟ್ಟು ಸುಮಾರು ಒಂದೂವರೆ ಮೀಟರ್. ಸ್ಲೈಡನ್ನು ಪೂರ್ತಿ ತೆರೆಗೆ ಹಾಕಿ ಅಷ್ಟು ದೂರ ನಿಂತು ಓದಿ. ಅಲ್ಲಿಂದ ನಿಮಗೆ ಕಂಡದ್ದೇ ಕೊನೆಯ ಬೆಂಚಿನವರಿಗೂ ಕಾಣುವುದು. ಪೆಟ್ಟಿಗೆ ತುಂಬಿದಂತೆ ಪವರ್‌ಪಾಯಿಂಟ್ ಅಕ್ಷರವನ್ನು ತಾನಾಗಿಯೇ ಕುಗ್ಗಿಸುತ್ತದೆ, ನಮಗೆ ಗೊತ್ತೇ ಆಗುವುದಿಲ್ಲ. Format Shape ಒಳಗೆ Text Box ಆಯ್ಕೆಗಳಲ್ಲಿ Do not Autofit ಇಟ್ಟರೆ ಹೆಚ್ಚಾದ ಸಾಲು ಪೆಟ್ಟಿಗೆಯಿಂದ ಹೊರಗೆ ಚೆಲ್ಲುತ್ತದೆ, ಎಲ್ಲಿ ಮಿತಿಮೀರಿತೆಂದು ಕಣ್ಣಿಗೇ ಕಾಣುತ್ತದೆ.

ಕನ್ನಡದ ಸ್ಲೈಡಿಗೆ ಇನ್ನೂ ಸ್ವಲ್ಪ ಉದಾರವಾಗಬೇಕು. ನಮ್ಮ ಅಕ್ಷರದ ಕೆಳಗೆ ಒತ್ತು, ಮೇಲೆ ಗುಣಿತದ ಗುಡಿಸು. ‘ರಾಷ್ಟ್ರೀಯ’ ಎಂಬ ಒಂದು ಪದದಲ್ಲಿಯೇ ಎರಡು ಒತ್ತು ಒಂದರ ಪಕ್ಕ ಒಂದು ಕೂರಬೇಕು. ಮೊದಲು ಮಸುಕಾಗುವುದು ಒತ್ತಕ್ಷರಗಳೇ, ಆದ್ದರಿಂದ ದೂರ ನಿಂತು ಓದುವಾಗ ಅವನ್ನೇ ನೋಡಿ. ಸಾಲುಗಳ ನಡುವಿನ ಅಂತರ ಇಂಗ್ಲಿಷಿನ ಅಳತೆಯಲ್ಲೇ ಬಿಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಗೆ ತಾಗುತ್ತದೆ. 1.2 ಅಥವಾ 1.3 ಅಂತರ ಕೊಟ್ಟು ನೋಡಿ. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪ್ ಮಾಡಿದ ಸ್ಲೈಡು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ. ಯೂನಿಕೋಡಿನಲ್ಲೇ ಟೈಪ್ ಮಾಡಿ. ಫಾಂಟು ಬದಲಾಗಿ ಸಾಲು ಮುರಿಯದಂತೆ, ವಿಂಡೋಸ್ ಆದರೆ File, Options, Save ಒಳಗಿನ Embed fonts in the file ಗುರುತು ಹಾಕಿ ಉಳಿಸಿ. ಜೊತೆಗೆ ಒಂದು ಪಿಡಿಎಫ್ ಪ್ರತಿಯನ್ನೂ ಪೆನ್‌ಡ್ರೈವಿನಲ್ಲಿ ಇಟ್ಟುಕೊಂಡು ಸಭೆಗೆ ಅರ್ಧ ಗಂಟೆ ಮೊದಲು ಹೋಗಿ, ಅಲ್ಲಿಯ ಕಂಪ್ಯೂಟರಿನಲ್ಲೇ ತೆರೆದು, ಕೊನೆಯ ಬೆಂಚಿನಿಂದ ಅತಿ ಚಿಕ್ಕ ಅಕ್ಷರದ ಸಾಲನ್ನು ಯಾರಿಂದಲಾದರೂ ಗಟ್ಟಿಯಾಗಿ ಓದಿಸಿ. ಆ ಸಾಲಿನಲ್ಲಿ ಏನಿದೆ ಎಂಬುದನ್ನು ನೀವೂ ಕೇಳಿಸಿಕೊಳ್ಳಿ. ಸಭೆಯ ತೀರ್ಮಾನ ಅದರ ಮೇಲೆ ನಿಂತಿದ್ದರೆ ಶೀರ್ಷಿಕೆಗೆ ಎತ್ತಿಡಲು ಇನ್ನೂ ಸಮಯವಿರುತ್ತದೆ.